ಮೂತ್ರದ ಕ್ರಿಯಾಟಿನಿನ್ ಅಳೆದು ಸ್ನಾಯುವಿನ ತೂಕ ಹೇಳಬಹುದೇ?

ಪ್ರಶ್ನೆ: ಜಿಮ್‌ಗೆ ಸೇರಿ ಎರಡು ತಿಂಗಳಾಯಿತು. 24 ಗಂಟೆಗಳ ಮೂತ್ರದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದರೆ ಸ್ನಾಯು ಎಷ್ಟು ಬೆಳೆದಿದೆ ಎಂದು ತಿಳಿಯುತ್ತದೆಯೇ?

ತಿಳಿಯುವುದಿಲ್ಲ, ಮಾಡಿಸಬೇಡಿ. ಟೈಫಾಯಿಡ್‌ನಿಂದ ಎದ್ದಾಗ ನನ್ನ ತೊಡೆಗಳು ಸೊರಗಿದ್ದವು. ಸ್ನಾಯು ಎಷ್ಟು ಉಳಿದಿದೆಯೆಂದು ತಿಳಿಯಲು ಇದನ್ನೇ ಮಾಡಿಸಿದೆ. 1.6 ಗ್ರಾಂ ಬಂತು. ದಿನಕ್ಕೆ ಹೊರಹೋಗುವ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಸುಮಾರು 20 ಕೆ.ಜಿ. ಸ್ನಾಯು ಎಂಬ ರೂಢಿಯ ಲೆಕ್ಕದಲ್ಲಿ 32 ಕೆ.ಜಿ. ಕೆಲವು ತಿಂಗಳು ವ್ಯಾಯಾಮ ಮಾಡಿ ಮತ್ತೆ ಪರೀಕ್ಷಿಸಿದಾಗ 1.2 ಗ್ರಾಂ, ಅಂದರೆ 24 ಕೆ.ಜಿ. ಎಂಟು ಕಿಲೋ ಕರಗಿಹೋಯಿತೆಂದು ದಿಗಿಲುಬಿದ್ದು, ಸ್ನಾಯುರೋಗ ಹುಡುಕಿಕೊಂಡು ವೈದ್ಯರಿಂದ ವೈದ್ಯರಿಗೆ ಅಲೆದು ಕೈ ಖಾಲಿ ಮಾಡಿಕೊಂಡೆ.

ತಪ್ಪು ಇದ್ದದ್ದು ಮೊದಲ ಕ್ಯಾನಿನಲ್ಲಿ. ಬೆಳಿಗ್ಗೆ ಆರೂವರೆಗೆ ಎದ್ದು ಮಾಡಿದ ಮೂತ್ರವನ್ನು ಚೆಲ್ಲಿ, ಅಲ್ಲಿಂದ ಗಡಿಯಾರ ಶುರುಮಾಡಬೇಕು. ಮರುದಿನ ಆರೂವರೆಯದನ್ನು ಸೇರಿಸಿ ಮುಗಿಸಬೇಕು. ನಾನು ಎರಡೂ ಬೆಳಗಿನದನ್ನು ಸೇರಿಸಿದ್ದೆ. ಮೊದಲ ಬೆಳಗಿನದು ಹಿಂದಿನ ರಾತ್ರಿ ಹತ್ತೂವರೆಯಿಂದ ಮೂತ್ರಕೋಶದಲ್ಲಿ ತುಂಬಿಕೊಂಡದ್ದು. ಹೀಗೆ 32 ಗಂಟೆಗಳ ಮೂತ್ರ 24 ಗಂಟೆಗಳದೆಂದು ಪ್ರಯೋಗಾಲಯಕ್ಕೆ ಹೋಯಿತು. 1.6ನ್ನು 32ರಿಂದ ಭಾಗಿಸಿ 24ರಿಂದ ಗುಣಿಸಿ ನೋಡಿ: 1.2! ಒಂದು ಗ್ರಾಂ ಸ್ನಾಯುವೂ ಹೋಗಿರಲಿಲ್ಲ. ವರದಿಯಲ್ಲೇ ಸುಳಿವಿತ್ತು. ನನ್ನ ತೂಕ 60 ಕೆ.ಜಿ.; ಗಂಡಸರಲ್ಲಿ ಕಿಲೋಗೆ 20ರಿಂದ 25 ಮಿ.ಗ್ರಾಂ ಸಾಮಾನ್ಯ, ನನ್ನದು 26 ದಾಟಿತ್ತು. ಜ್ವರದಿಂದ ಬಡಕಲಾದವನಿಗೆ ಅಷ್ಟು ಎಲ್ಲಿಂದ ಬರಬೇಕು?

ಸರಿಯಾಗಿ ಸಂಗ್ರಹಿಸಿದರೂ ನಿಮ್ಮ ಕೆಲಸಕ್ಕೆ ಇದು ಬಾರದು. ದೇಹದ ಕ್ರಿಯಾಟಿನ್‌ನ ಬಹುಪಾಲು ಸ್ನಾಯುವಿನಲ್ಲಿರುತ್ತದೆ. ಅದರಲ್ಲಿ ದಿನಕ್ಕೆ ನೂರಕ್ಕೆ ಎರಡಕ್ಕೂ ಕಡಿಮೆ ಪಾಲು ತಾನಾಗಿಯೇ ಕ್ರಿಯಾಟಿನಿನ್ ಆಗಿ ಮೂತ್ರ ಸೇರುತ್ತದೆ. ಇಡೀ ಲೆಕ್ಕ ನಿಂತಿರುವುದು, ಕಿಲೋ ಸ್ನಾಯುವಿನಲ್ಲಿರುವ ಕ್ರಿಯಾಟಿನ್ ಎಲ್ಲರಲ್ಲೂ ಒಂದೇ ಎಂಬ ನಂಬಿಕೆಯ ಮೇಲೆ. ಜಿಮ್‌ನವರು ಕೊಡುವ ಕ್ರಿಯಾಟಿನ್ ಪುಡಿ ಅದನ್ನೇ ಬುಡಮೇಲು ಮಾಡುತ್ತದೆ: ಸ್ನಾಯು ಬೆಳೆಯದೆಯೇ ಅಂಕಿ ಏರುತ್ತದೆ. ಮಾಂಸದ ಊಟವೂ ಅಷ್ಟೇ. ಬೇಯಿಸುವಾಗ ಮಾಂಸದ ಕ್ರಿಯಾಟಿನ್‌ನಲ್ಲಿ ಒಂದಷ್ಟು ಕ್ರಿಯಾಟಿನಿನ್ ಆಗಿ, ನೇರವಾಗಿ ಮೂತ್ರಕ್ಕೆ ಇಳಿಯುತ್ತದೆ. ಪಥ್ಯವಿದ್ದರೂ ಒಬ್ಬರಲ್ಲೇ ದಿನದಿಂದ ದಿನಕ್ಕೆ ಶೇ. 5ರಷ್ಟು ಏರಿಳಿತ ಸಹಜ. 24 ಕೆ.ಜಿ.ಯಲ್ಲಿ ಅದು 1.2 ಕೆ.ಜಿ. ಎರಡು ತಿಂಗಳಲ್ಲಿ ನೀವು ಗಳಿಸಿರುವುದೂ ಸುಮಾರು ಅಷ್ಟೇ ಇರಬಹುದು.

ಮೂತ್ರಪಿಂಡದ ತೊಂದರೆಯಿದ್ದರಂತೂ ಈ ಲೆಕ್ಕದ ಗೊಡವೆಯೇ ಬೇಡ. ಆಗ ಒಂದಷ್ಟು ಕ್ರಿಯಾಟಿನಿನ್ ಕರುಳಿನಲ್ಲೇ ನಾಶವಾಗಿ, ಇರುವ ಸ್ನಾಯುವೂ ಇಲ್ಲವೆಂದು ತೋರುತ್ತದೆ.

ಟೇಪು ಹಿಡಿದು ತೊಡೆ, ತೋಳಿನ ಸುತ್ತಳತೆಯನ್ನು ಪ್ರತಿ ಸಲವೂ ಅದೇ ಜಾಗದಲ್ಲಿ ಅಳೆಯಿರಿ, ಎತ್ತುವ ಭಾರವನ್ನು ಬರೆದಿಡಿ. ಪರೀಕ್ಷೆ ಮಾಡಿಸಿಯೇ ತೀರುತ್ತೇನೆಂದರೆ ಪುಡಿಯನ್ನು ವಾರಗಟ್ಟಲೆ, ಮಾಂಸವನ್ನು ಕೆಲವು ದಿನ ಮೊದಲೇ ನಿಲ್ಲಿಸಿ, ಸತತ ಮೂರು ದಿನಗಳ ಸರಾಸರಿ ತೆಗೆಯಿರಿ. ಮೊದಲ ಬೆಳಗಿನದನ್ನು ಮಾತ್ರ ಮರೆಯದೆ ಚೆಲ್ಲಿ.