ವಿಪಿಎಫ್ ಹಾಕಿದ್ಮೇಲೆ ಸಂಬಳ 15,000 ಕಮ್ಮಿ ಆಯ್ತು, ಟ್ಯಾಕ್ಸ್ ಮಾತ್ರ ಒಂದು ರೂಪಾಯೀನೂ ಕಮ್ಮಿ ಆಗ್ಲಿಲ್ಲ

ಹೆಸರು, ಊರು ಎರಡೂ ಬದಲಾಯಿಸಿದೀನಿ, ಸುಧಾ ಅಂತ ಇಟ್ಕೊಳ್ಳಿ. ವಯಸ್ಸು 34, ಪ್ರೈವೇಟ್ ಕೆಲಸ, 2025ರ ಆಗಸ್ಟ್‌ನಲ್ಲಿ ಗಂಡನ ಜೊತೆ ನನ್ನ ಹತ್ರ ಸಲಹೆಗೆ ಬಂದಿದ್ರು. ಬಂದಿದ್ದು ಮನೇಲಿ ದುಡ್ಡಿನ ವಿಷಯಕ್ಕೆ ದಿನಾ ಜಗಳ ಅಂತ. ಗಂಡ ಕೂತ ತಕ್ಷಣ "ಮೇಡಂ, ಇವಳ ಸಂಬಳ ಏಪ್ರಿಲ್‌ನಿಂದ ಕಮ್ಮಿ ಬರ್ತಿದೆ, ಕೇಳಿದ್ರೆ ಟ್ಯಾಕ್ಸ್ ಉಳಿಯತ್ತೆ ಅಂತಾಳೆ, ಎಲ್ಲಿ ಉಳೀತು ತೋರ್ಸು ಅಂದ್ರೆ ಅಳ್ತಾಳೆ" ಅಂದ್ರು. ಸುಧಾ ತಲೆ ತಗ್ಗಿಸ್ಕೊಂಡೇ ಇದ್ರು.

ಪೇಸ್ಲಿಪ್ ಕೇಳ್ದೆ, ಜುಲೈದನ್ನ ಟೇಬಲ್ ಮೇಲೆ ಇಟ್ವಿ. ಗ್ರಾಸ್ 88,000, ಅದರಲ್ಲಿ ಬೇಸಿಕ್ 50,000. ಬೇಸಿಕ್‌ನ 12 ಪರ್ಸೆಂಟ್ ಅಂದ್ರೆ 6,000 ಪಿಎಫ್, 200 ಪ್ರೊಫೆಷನಲ್ ಟ್ಯಾಕ್ಸ್, ಇಷ್ಟೇ ಆಗಿದ್ರೆ ಕೈಗೆ 81,800 ಬರ್ಬೇಕಿತ್ತು. ಅದರ ಕೆಳಗೆ ವಿಪಿಎಫ್ ಅಂತ ಹೊಸ ಸಾಲು, ಅಂದ್ರೆ ಮಾಮೂಲಿ ಪಿಎಫ್ ಮೇಲೆ ನಾವಾಗೇ ಇಷ್ಟಪಟ್ಟು ಜಾಸ್ತಿ ಹಾಕೋ ದುಡ್ಡು, 15,000, ಹಾಗಾಗಿ ಕೈಗೆ 66,800. ಟಿಡಿಎಸ್ ಜಾಗದಲ್ಲಿ ಸೊನ್ನೆ. ಆ ಸೊನ್ನೆ ಮೇಲೆ ಬೆರಳಿಟ್ಟು "ಇಲ್ಲೇ ನೋಡಿ, ಮೊದಲೇ ಟ್ಯಾಕ್ಸ್ ಇಲ್ಲ, ಇನ್ನೇನು ಉಳಿಯತ್ತೆ?" ಅಂದೆ.

ಆಗಿದ್ದು ಇಷ್ಟೇ. ಆಫೀಸಲ್ಲಿ ಯಾರೋ ಸೀನಿಯರ್ ಹೇಳಿದ್ರಂತೆ ವಿಪಿಎಫ್ ಹಾಕಿದ್ರೆ ಉಳಿತಾಯಕ್ಕೆ ಡಿಡಕ್ಷನ್ ಕೊಡೋ 80ಸಿಲಿ ಟ್ಯಾಕ್ಸ್ ಉಳಿಯತ್ತೆ ಅಂತ. ಅವರು ಹಳೇ ರೆಜಿಮ್ ಕಾಲದ ಲೆಕ್ಕ ಹೇಳಿದಾರೆ. ಸುಧಾ ಇರೋದು ಹೊಸ ರೆಜಿಮ್‌ನಲ್ಲಿ, ಅಲ್ಲಿ 80ಸಿ ಇಲ್ವೇ ಇಲ್ಲ, ಹಾಗಾಗಿ ವಿಪಿಎಫ್ ಎಷ್ಟೇ ಹಾಕಿದ್ರೂ ಟ್ಯಾಕ್ಸಬಲ್ ಇನ್ಕಮ್ ಇಳಿಯಲ್ಲ. ವರ್ಷಕ್ಕೆ 10,56,000, ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದ್ರೆ 9,81,000, 2025-26ರಲ್ಲಿ 12 ಲಕ್ಷದ ತನಕ ರಿಬೇಟ್ ಇರೋದ್ರಿಂದ ಟ್ಯಾಕ್ಸ್ ಸೊನ್ನೆ.

"ಹಾಗಾದ್ರೆ ಹಳೇ ರೆಜಿಮ್‌ಗೆ ಹೋಗ್ಬಿಡ್ಲಾ ಮೇಡಂ?" ಅಂತ ಕೇಳಿದ್ರು. ದಯವಿಟ್ಟು ಬೇಡ ಅಂದೆ, ಅಲ್ಲೇ ಪೇಪರ್ ಮೇಲೆ ಹಾಕಿ ತೋರಿಸ್ದೆ. ಇರೋದು ಅತ್ತೆ ಮಾವನ ಮನೇಲಿ, ಎಚ್‌ಆರ್‌ಎ ಕ್ಲೇಮ್ ಇಲ್ಲ. ಮಾಮೂಲಿ ಪಿಎಫ್ಫೇ ವರ್ಷಕ್ಕೆ 72,000 ಆಗತ್ತೆ, 80ಸಿಯ 1.5 ಲಕ್ಷದಲ್ಲಿ ಉಳಿಯೋದು 78,000, ಅಂದ್ರೆ ಹಾಕ್ತಿರೋ 1,80,000 ವಿಪಿಎಫ್‌ನಲ್ಲಿ ಅರ್ಧಕ್ಕಿಂತ ಕಮ್ಮಿಗೆ ಮಾತ್ರ ಡಿಡಕ್ಷನ್. ಅದನ್ನೆಲ್ಲ ಪೂರ್ತಿ ತಗೊಂಡ್ರೂ ಹಳೇ ರೆಜಿಮ್‌ನಲ್ಲಿ ಸುಮಾರು 86,500 ಟ್ಯಾಕ್ಸ್ ಬರತ್ತೆ. ಸೊನ್ನೆ ಕಟ್ಟೋರು ಅಷ್ಟು ಯಾಕೆ ಕಟ್ಬೇಕು?

ಆಮೇಲೆ ಗಂಡಂಗೂ ಒಂದು ಮಾತು ಹೇಳ್ಬೇಕಾಯ್ತು, ಯಾಕಂದ್ರೆ ಅವರು ದುಡ್ಡು ಹೋಗೇಬಿಡ್ತು ಅನ್ನೋ ಥರ ಮಾತಾಡ್ತಿದ್ರು. ಇಪಿಎಫ್‌ಒ ಪಾಸ್‌ಬುಕ್ ತೆಗೆಸ್ದೆ. ಅಲ್ಲಿ ವಿಪಿಎಫ್ ಅಂತ ಬೇರೆ ಕಾಲಂ ಇರಲ್ಲ, ಎಂಪ್ಲಾಯಿ ಶೇರ್ ಒಳಗೇ ಸೇರ್ಕೊಂಡಿರತ್ತೆ, ತಿಂಗಳಿಗೆ 6,000 ಇದ್ದಿದ್ದು 21,000 ಆಗಿತ್ತು. ಕಂಪನಿ ಇದಕ್ಕೆ ಜೋಡಿ ಏನೂ ಹಾಕಲ್ಲ, ಆದ್ರೆ ಬಡ್ಡಿ ಪಿಎಫ್‌ದೇ, 2024-25ಕ್ಕೆ 8.25 ಪರ್ಸೆಂಟ್. ಉದ್ಯೋಗಿ ಪಾಲು ವರ್ಷಕ್ಕೆ 2.5 ಲಕ್ಷ ದಾಟದಿದ್ರೆ ಆ ಬಡ್ಡಿಗೆ ಹೊಸ ರೆಜಿಮ್‌ನಲ್ಲೂ ಟ್ಯಾಕ್ಸ್ ಇಲ್ಲ, ಬ್ಯಾಂಕ್ ಎಫ್‌ಡಿ ಬಡ್ಡಿಗೆ ಈ ಅನುಕೂಲ ಇಲ್ಲ. ಇವರದು 12 ತಿಂಗಳು ಹೀಗೇ ಹೋಗಿದ್ರೆ 2,52,000, ಎರಡು ಸಾವಿರ ದಾಟೋದು. ದಾಟಿದ ಭಾಗದ ಬಡ್ಡಿ ಮಾತ್ರ ಟ್ಯಾಕ್ಸಬಲ್, ಭಯ ಪಡೋ ಮೊತ್ತ ಅಲ್ಲ, ಆದ್ರೆ ಬೇಸಿಕ್ ಏರಿದ ಹಾಗೆ ಪಿಎಫ್ಫೂ ಏರತ್ತಲ್ಲ, ಅದಕ್ಕೇ ಪ್ರತಿ ಏಪ್ರಿಲ್ ಕೂಡಿ ನೋಡ್ಬೇಕು.

ನಿಜವಾದ ಏಟು ಬಿದ್ದಿದ್ದು ಬೇರೆ ಕಡೆ. ಜೂನಲ್ಲಿ ಮಗನ ಸ್ಕೂಲ್ ಫೀಸು, ಜೊತೆಗೆ ಚೀಟಿ ಕಂತು, ಸಾಲದೇ ಕ್ರೆಡಿಟ್ ಕಾರ್ಡಲ್ಲಿ ತಳ್ಳಿದ್ರು, ಮಿನಿಮಮ್ ಮಾತ್ರ ಕಟ್ತಾ ಬಂದು 40,000 ನಿಂತಿತ್ತು. ಅದಕ್ಕೆ ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್, ಅಂದ್ರೆ 1,400. ಒಂದು ಕಡೆ ವರ್ಷಕ್ಕೆ ಎಂಟೂಕಾಲು ಪರ್ಸೆಂಟ್ ಸಿಗ್ಲಿ ಅಂತ ಹಾಕ್ತಾ ಇನ್ನೊಂದು ಕಡೆ ನಲವತ್ತಕ್ಕಿಂತ ಜಾಸ್ತಿ ಕೊಡ್ತಿದ್ರು. ಇದು ಗೊತ್ತಾದಾಗ ಇಬ್ಬರೂ ಸುಮ್ಮನಾದ್ರು.

ವಿಪಿಎಫ್ ನಿಲ್ಸೋಕೆ ಎಚ್‌ಆರ್‌ಗೆ ಆಗ್ಲೇ ಕೇಳಿದ್ರಂತೆ, ಆ ಕಂಪನೀಲಿ ಏಪ್ರಿಲ್, ಅಕ್ಟೋಬರ್ ಎರಡೇ ಸಲ ಬದಲಾವಣೆ. ಸೇರೋಕ್ ಮುಂಚೆ ಇದನ್ನ ಕೇಳ್ಕೋಬೇಕು, ಕಂಪನಿಯಿಂದ ಕಂಪನಿಗೆ ಬೇರೆ ಇರತ್ತೆ. ನಾನು ಹೇಳಿದ್ದು: ಗಂಡನ ಹೆಸರಲ್ಲಿರೋ ಆರ್‌ಡಿ ಮುರಿದು ಕಾರ್ಡ್ ಪೂರ್ತಿ ತೀರ್ಸಿ, ಅಕ್ಟೋಬರ್‌ನಿಂದ ವಿಪಿಎಫ್ 5,000ಕ್ಕೆ ಇಳ್ಸಿ, ಪೂರ್ತಿ ನಿಲ್ಸೋದು ಬೇಡ. ಆಗ ಕೈಗೆ 76,800 ಬರತ್ತೆ, ಈ ವರ್ಷದ ಒಟ್ಟು ಉದ್ಯೋಗಿ ಪಾಲು 1,92,000, 2.5 ಲಕ್ಷದ ಒಳಗೇ. ಆರ್‌ಡಿ ಮುರಿಯೋಕೆ ಗಂಡ ಸ್ವಲ್ಪ ಹಿಂದೇಟು ಹಾಕಿದ್ರು, ಆ 1,400 ಮತ್ತೆ ತೋರಿಸ್ದೆ, ಒಪ್ಪಿದ್ರು.

ನವೆಂಬರ್‌ನಲ್ಲಿ ಸುಧಾ ಅಕ್ಟೋಬರ್ ಸ್ಲಿಪ್ಪಿನ ಫೋಟೋ ಕಳಿಸಿದ್ರು. ವಿಪಿಎಫ್ 5,000, ಟಿಡಿಎಸ್ ಸೊನ್ನೆ. ಕೆಳಗೆ "ಇವರೂ ನೋಡಿದ್ರು ಮೇಡಂ" ಅಂತ ಬರೆದಿದ್ರು.