ಒಂದೇ ಟೆಂಪ್ಲೇಟ್, ನೂರಾರು ಜಾಹೀರಾತು: ಹೆಸರಿಗೆ ಪ್ರತ್ಯಯ ಅಂಟಿಸಬೇಡಿ

ಪ್ರಶ್ನೆ: ನಮ್ಮ ಅಂಗಡಿಯಲ್ಲಿ 400 ಐಟಂ ಇವೆ. ಒಂದು ಟೆಂಪ್ಲೇಟ್ ಮಾಡಿ ಎಲ್ಲದಕ್ಕೂ 15 ಸೆಕೆಂಡಿನ ಆ್ಯಡ್ ಸ್ಕ್ರಿಪ್ಟ್ ಒಟ್ಟಿಗೆ ಬರೆಯೋದು ಹೇಗೆ?

ದಾವಣಗೆರೆಯಲ್ಲಿ ನಮ್ಮ ಚಿಕ್ಕಪ್ಪನ ಪಾತ್ರೆ ಅಂಗಡಿಗೆ ನಾನೂ ಇದನ್ನೇ ಮಾಡಿದ್ದೆ. 340 ಐಟಂ, ದೀಪಾವಳಿಗೆ ಮೂರು ವಾರ ಬಾಕಿ. ಗೂಗಲ್ ಶೀಟ್‌ನಲ್ಲಿ ಹೆಸರಿನ ಕಾಲಂ ಇಟ್ಟು, ಅದರ ಮುಂದೆ "ನಲ್ಲಿ ಕೆಲಸ ಬೇಗ ಮುಗಿಯುತ್ತದೆ" ಅಂತ ಸೇರಿಸಿ ಕೆಳಗಿನವರೆಗೂ ಎಳೆದೆ. ಮೇಲಿನ ಹತ್ತು ಸಾಲು ಓದಿದೆ, ಎಲ್ಲ ಸರಿ ಇತ್ತು. ಯಾಕೆಂದರೆ ಆ ಹತ್ತೂ ಕುಕ್ಕರ್, ಮಿಕ್ಸರ್, ಸ್ಟೀಮರ್. ಹಾಗೇ ದನಿ ಕೊಡುವವರಿಗೆ ಕಳಿಸಿದೆ, ಒಂದಕ್ಕೆ 40 ರೂಪಾಯಿ. ಅವರು 120 ಓದಿ ಮುಗಿಸಿದ ಮೇಲೆ ಚಿಕ್ಕಪ್ಪ ಫೋನ್ ಮಾಡಿ ಕೇಳಿದರು, "ಏನೋ ಇದು, ಬಾಣಲೆನಲ್ಲಿ, ಲೋಟನಲ್ಲಿ ಅಂತ ಹೇಳಿಸಿದ್ದೀಯಲ್ಲ?" 4,800 ರೂಪಾಯಿ ಹೋಯಿತು.

ತಪ್ಪು ಇಷ್ಟೇ. ಕನ್ನಡದಲ್ಲಿ ಪ್ರತ್ಯಯ ಹೆಸರಿನ ಕೊನೆ ನೋಡಿ ಬದಲಾಗುತ್ತದೆ. ಕುಕ್ಕರ್‌ನಲ್ಲಿ, ಆದರೆ ಬಾಣಲೆಯಲ್ಲಿ, ಲೋಟದಲ್ಲಿ. ಕೊನೆಯ ಅಕ್ಷರ ನೋಡಿ ಪ್ರತ್ಯಯ ಆರಿಸುವ ಫಾರ್ಮುಲಾ ಬರೆಯೋಣ ಅಂತ ಎರಡು ದಿನ ಕಳೆದೆ, ಅದೂ ಆಗಲಿಲ್ಲ. ಬಟ್ಟಲು, ಚಾಕು ಎರಡೂ ಉಕಾರದಲ್ಲೇ ಮುಗಿಯುತ್ತವೆ, ಆದರೆ ಒಂದು ಬಟ್ಟಲಲ್ಲಿ, ಇನ್ನೊಂದು ಚಾಕುವಿನಲ್ಲಿ. ಯಂತ್ರಕ್ಕೆ ಇದು ಗೊತ್ತಾಗುವುದು ಹೇಗೆ, ಅಲ್ವಾ?

ಕೊನೆಗೆ ಹೆಸರಿಗೆ ಏನೂ ಅಂಟಿಸಲೇ ಇಲ್ಲ. "ಇದು" ಅಂದ ಮೇಲೆ ಹೆಸರು ಬಂದು ಅಲ್ಲಿಗೇ ವಾಕ್ಯ ಮುಗಿಯಬೇಕು. ಪ್ರತ್ಯಯ ಏನಿದ್ದರೂ ಮುಂದಿನ ವಾಕ್ಯದ "ಇದರಲ್ಲಿ", "ಇದಕ್ಕೆ" ಹೊರುತ್ತವೆ.

```
=C2&" ಇದು "&B2&". "&D2
```

C ಗಿರಾಕಿಯ ತೊಂದರೆ, B ಹೆಸರು, D ಉತ್ತರ. ಐದು ಲೀಟರ್ ಕುಕ್ಕರ್‌ಗೆ ಹೀಗೆ ಬಂತು: "ನೆಂಟರು ಬಂದರೆ ಎರಡು ಸಲ ಅನ್ನ ಇಡಬೇಕಾ? ಇದು ಐದು ಲೀಟರ್ ಕುಕ್ಕರ್. ಇದರಲ್ಲಿ ಎಲ್ಲರಿಗೂ ಒಂದೇ ಸಲಕ್ಕೆ ಆಗುತ್ತದೆ." ಬೆಲೆಯನ್ನು ದನಿಯಲ್ಲಿ ಹೇಳಿಸಲೇಬೇಡಿ, ತೆರೆಯ ಮೇಲೆ ಮಾತ್ರ ಬರೆಯಿರಿ. ಬೆಲೆ ಬದಲಾದರೆ ಅಕ್ಷರ ತಿದ್ದಿದರೆ ಸಾಕು, ಮತ್ತೆ ರೆಕಾರ್ಡ್ ಮಾಡಬೇಕಿಲ್ಲ. ಉದ್ದವನ್ನು `LEN` ನಿಂದ ಅಳೆಯಬೇಡಿ. ಅದು ಒತ್ತು, ಗುಣಿತ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ಬಾಯಿಬಿಟ್ಟು ಓದಿ, ಗಡಿಯಾರ ನೋಡಿ.

ಇನ್ನೊಂದು ಮಾತು, ನಿಮಗೆ 400 ಸ್ಕ್ರಿಪ್ಟ್ ಬೇಕಾಗಿಲ್ಲ. ಒಂದೇ ಲೋಟದ ಆರು ಸೈಜಿಗೆ ಆರು ಆ್ಯಡ್ ಯಾರೂ ನೋಡುವುದಿಲ್ಲ. ಒಂದೇ ಕೆಲಸಕ್ಕೆ ಬರುವುದನ್ನೆಲ್ಲ ಒಂದು ಗುಂಪು ಮಾಡಿ. ನಮ್ಮ 340 ಕೊನೆಗೆ 52 ಆಯಿತು. ಆ 52ಕ್ಕೂ C, D ಕಾಲಂಗಳನ್ನು ಕೂತು ಕೈಯಾರೆ ಬರೆದೆ. ಟೆಂಪ್ಲೇಟ್ ಜೋಡಿಸುತ್ತದೆ ಅಷ್ಟೇ, ಗಿರಾಕಿಯ ತೊಂದರೆ ಏನು ಅಂತ ಅಂಗಡಿಯಲ್ಲಿ ನಿಂತವರೇ ಹೇಳಬೇಕು.

ರೆಕಾರ್ಡಿಂಗ್‌ಗೆ ಕಳಿಸುವ ಮೊದಲು ಮೇಲಿನ ಹತ್ತು ಸಾಲು ಓದಬೇಡಿ. ಕುಕ್ಕರ್, ಬಾಣಲೆ, ಲೋಟ, ಬಟ್ಟಲು, ಚಾಕು, ಹೀಗೆ ಬೇರೆ ಬೇರೆ ಥರ ಮುಗಿಯುವ ಐದು ಹೆಸರು ಹುಡುಕಿ, ಅವನ್ನು ಜೋರಾಗಿ ಓದಿ.