ಜಂಟಿ ಪಹಣಿ ಇದ್ದರೆ ಎನ್‌ಎ ಮಾತು ಆಮೇಲೆ

ಪ್ರಶ್ನೆ: ಕಲಬುರಗಿ ರಿಂಗ್ ರೋಡ್ ಆಚೆ ಒಬ್ಬರ ಹೊಲದಲ್ಲಿ 10 ಗುಂಟೆ ಕೊಳ್ಳುತ್ತಿದ್ದೇನೆ. ಪಹಣಿಯಲ್ಲಿ ಅವರ ಅಣ್ಣತಮ್ಮಂದಿರ ಹೆಸರೂ ಇದೆ. ಕೊಂಡ ಮೇಲೆ ನಾನೇ ಅದನ್ನು ಕೃಷಿಯೇತರ, ಅಂದರೆ ಎನ್‌ಎ ಮಾಡಿಸಿ ಮನೆ ಕಟ್ಟಬಹುದಾ? ಏನೇನು ಕಾಗದ ಬೇಕು?

ಈಗಲೇ ಕೊಳ್ಳಬೇಡಿ. ಕಾಗದದ ಪಟ್ಟಿ ಆಮೇಲೆ ಹೇಳುತ್ತೇನೆ.

ಆಳಂದ ರಸ್ತೆ ಕಡೆ ನಮ್ಮದೊಂದು ತೊಗರಿ ಹೊಲ ಇದೆ. ಒಂದೇ ಸರ್ವೇ ನಂಬರ್, 4 ಎಕರೆ 20 ಗುಂಟೆ. ಪಹಣಿಯ 9ನೇ ಕಾಲಂನಲ್ಲಿ ಅಪ್ಪ ಮತ್ತು ಇಬ್ಬರು ಕಾಕಾಂದಿರ ಹೆಸರು ಒಟ್ಟಿಗೇ ಇತ್ತು. ತಲಾ 1 ಎಕರೆ 20 ಗುಂಟೆ. ನಾನು ಹುಟ್ಟುವ ಮೊದಲೇ ಮೂವರೂ ಬಾಂಡ್ ಪೇಪರ್ ಮೇಲೆ ಬರೆದುಕೊಂಡು ಬದು ಹಾಕಿಕೊಂಡಿದ್ದರು. ಜಗಳ ಅನ್ನೋದೇ ಇರಲಿಲ್ಲ. ಅದಕ್ಕೇ ನಮಗೆ ಏನೂ ಅನುಮಾನ ಬರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ರಸ್ತೆ ಬದಿಯ ನಮ್ಮ ಭಾಗದಲ್ಲಿ ಮನೆ ಕಟ್ಟಲು ಹೊರಟೆವು. ಎನ್‌ಎ ಮಾಡಿಸಿಕೊಡುತ್ತೇನೆ ಅಂದ ಏಜೆಂಟ್, "ಅರ್ಜಿ ಹಾಕಿದರೆ ಸಾಕು, ನೀವು ಪಾಯ ತೆಗೆಸಿ" ಅಂದ. ತೆಗೆಸಿದೆವು. ನಮ್ಮದು ಎರೆಮಣ್ಣು. ಗಟ್ಟಿ ನೆಲ ಸಿಗುವ ತನಕ ಆಳಕ್ಕೆ ಹೋಗಬೇಕು, ಕಲ್ಲು, ಸಿಮೆಂಟ್ ಎಲ್ಲಾ ಜಾಸ್ತಿ ಹಿಡಿಯುತ್ತದೆ. ಅರ್ಜಿ ಮಾತ್ರ ಮುಂದೆ ಹೋಗಲಿಲ್ಲ. ಪಹಣಿ ಜಂಟಿ, ಅದರಲ್ಲಿ ಅಪ್ಪನ ಹೆಸರೇ ಇನ್ನೂ ಇತ್ತು. ಹಾಗಾಗಿ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡ ಅಪ್ಪನ ಬದಲು ವಾರಸುದಾರರ ಹೆಸರು ಹಾಕಿಸಿ, ಆಮೇಲೆ 11ಇ ನಕ್ಷೆಗೆ ಹಾಕಬೇಕಾಯಿತು.

11ಇ ನಕ್ಷೆ ಅಂದರೆ ಸರ್ವೇ ನಂಬರಿನ ಒಂದು ಭಾಗವನ್ನು ಬೇರೆ ಮಾಡುವಾಗ ಸರ್ಕಾರಿ ಭೂಮಾಪಕರು ಅಳೆದು ಕೊಡುವ ನಕ್ಷೆ. ಅವರು ನಮ್ಮ ಬದು ನೋಡಲಿಲ್ಲ. ಪಹಣಿಯಲ್ಲಿ ಎಷ್ಟಿದೆಯೋ ಅಷ್ಟೇ ಅಳೆದರು. ಬದುವಿನ ಒಳಗೆ ನಾವು ಉಳುತ್ತಿದ್ದದ್ದು 1 ಎಕರೆ 27 ಗುಂಟೆ, ಪಹಣಿಯಲ್ಲಿ ನಮಗಿದ್ದದ್ದು 1 ಎಕರೆ 20 ಗುಂಟೆ. ಆ ಹೆಚ್ಚಿನ 7 ಗುಂಟೆ ಒಬ್ಬ ಕಾಕಾ ಅವರದು. ಗೆರೆ ಎಳೆದಾಗ ನಮ್ಮ ಪಾಯದ ಅರ್ಧ ಅವರ ಭಾಗಕ್ಕೆ ಹೋಯಿತು. ಕಾಕಾ ಬಿಟ್ಟುಕೊಡಲು ಒಪ್ಪಿದರು. ಆದರೆ ಅವರ ಹೆಣ್ಣುಮಕ್ಕಳಿಗೂ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಸಮಪಾಲಿದೆ, ಅವರ ಸಹಿ ಇಲ್ಲದ ಕಾಗದ ಗಟ್ಟಿಯಲ್ಲ. ಒಬ್ಬಾಕೆ ಸೊಲ್ಲಾಪುರದಲ್ಲಿ, ಸಹಿ ಹಾಕಲು ಮನಸ್ಸಿರಲಿಲ್ಲ. ತನ್ನ ಪಾಲು ಕೇಳುವ ಹಕ್ಕು ಆಕೆಗಿತ್ತು. ಕೊನೆಗೆ ಆ ಪಾಯ ಬಿಟ್ಟು ಒಳಗೆ ಹೊಸದಾಗಿ ತೆಗೆಸಿದೆವು.

ಹಣ ಹೋಗಿದ್ದು ಪಾಯವನ್ನು ನಕ್ಷೆಗಿಂತ ಮೊದಲು ತೆಗೆದದ್ದರಿಂದ. ಇನ್ನೊಂದು ತೊಂದರೆಯೂ ಇತ್ತು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯ ಅನುಮತಿ ಮೊದಲು ಬೇಕು. ಅದಿಲ್ಲದೆ ಕಟ್ಟಿದರೆ 96ನೇ ಕಲಂ ಕೆಳಗೆ ದಂಡ ಬೀಳುತ್ತದೆ. ಬ್ಯಾಂಕಿನವರೂ ಎನ್‌ಎ ಆದೇಶ ಇಲ್ಲದೆ ಸಾಲದ ಮಾತು ಆಡಲಿಲ್ಲ.

ಈಗ ನಿಮ್ಮ ವಿಷಯ. ನೀವು ಕೊಂಡ ಮೇಲೆ ಎನ್‌ಎ ಅಂತ ಹೋದರೆ ಈ ಇಡೀ ಗಂಟು ನಿಮ್ಮ ತಲೆಗೇ ಬರುತ್ತದೆ, ಮಾರಿದವರು ಹಣ ತಗೊಂಡು ಮುಗಿಸಿರುತ್ತಾರೆ. ಅದಕ್ಕೇ ಎನ್‌ಎ ಅವರೇ ಮಾಡಿಸಿಕೊಡಲಿ. ಅಣ್ಣತಮ್ಮಂದಿರು ನೋಂದಾಯಿತ ಪಾಲುಪತ್ರ ಮಾಡಿಕೊಂಡು, ಹೆಣ್ಣುಮಕ್ಕಳ ಸಹಿಯೂ ಹಾಕಿಸಿ, ಮ್ಯುಟೇಶನ್ ಆಗಿ, ಪಹಣಿ ಒಬ್ಬರ ಹೆಸರಿಗೆ ಬರಲಿ. ಪಹಣಿಯ 11ನೇ ಕಾಲಂನಲ್ಲಿ ಬೆಳೆಸಾಲದ ಬೋಜಾ ಇದೆಯಾ ನೋಡಿ. ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ, ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮುಟ್ಟಲೇಬೇಡಿ.

ಆಮೇಲೆ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ ಮಾಸ್ಟರ್ ಪ್ಲಾನ್‌ನಲ್ಲಿ ಆ ಸರ್ವೇ ನಂಬರ್ ಯಾವ ವಲಯದಲ್ಲಿದೆ ಕೇಳಿ. ವಸತಿ ವಲಯ ಇದ್ದರೆ ದಾರಿ ಸುಲಭ. ಕೃಷಿ ವಲಯ ಇದ್ದರೆ ಮೊದಲು ಭೂಬಳಕೆ ಬದಲಾವಣೆ ಮಾಡಿಸಬೇಕು. ಅದು ಎನ್‌ಎಗಿಂತ ಬೇರೆ ಕೆಲಸ, ದೊಡ್ಡದೂ ಹೌದು. ಹಾಗಿದ್ದರೆ ನಾನಾದರೆ ಆ ಜಾಗ ಬಿಟ್ಟುಬಿಡುತ್ತೇನೆ.

ಅರ್ಜಿ landrecords.karnataka.gov.in ಮೂಲಕ ಆಗುತ್ತದೆ. ಪಹಣಿ, ಮ್ಯುಟೇಶನ್ ಪ್ರತಿ, 11ಇ ನಕ್ಷೆ, ನೋಟರಿ ಮಾಡಿಸಿದ ಅಫಿಡವಿಟ್, ಇಷ್ಟೇ ಮುಖ್ಯ. ಶುಲ್ಕ ಕಟ್ಟಿದ ಮೇಲೆ ಆದೇಶ ಬರುತ್ತದೆ. ಆದೇಶ ಬಂದರೆ ಮುಗಿಯಲಿಲ್ಲ. ಪಹಣಿಯಲ್ಲಿ ಅದು ದಾಖಲಾಗಿದೆಯಾ ನೋಡಬೇಕು. ನಂತರ ಪ್ರಾಧಿಕಾರದಿಂದ ನಿವೇಶನದ ನಕ್ಷೆಗೆ ಒಪ್ಪಿಗೆ, ಗ್ರಾಮ ಪಂಚಾಯಿತಿ ವ್ಯಾಪ್ತಿ ಆಗಿದ್ದರೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತು ನಮೂನೆ 9 ಮತ್ತು 11. ಇದೆಲ್ಲಾ ಅವರ ಹೆಸರಲ್ಲಿ ಬಂದ ಮೇಲೆ ನೋಂದಣಿ ಮಾಡಿಸಿಕೊಳ್ಳಿ. ಅಲ್ಲಿಯ ತನಕ ದೊಡ್ಡ ಮುಂಗಡ ಕೊಡಬೇಡಿ. ಕೊಡಲೇಬೇಕು ಅಂದರೆ ಎನ್‌ಎ ಆಗದಿದ್ದರೆ ಇಷ್ಟು ದಿನದೊಳಗೆ ಹಣ ವಾಪಸ್ ಅಂತ ಕರಾರಿನಲ್ಲಿ ತಾರೀಕು ಸಮೇತ ಬರೆಸಿಕೊಳ್ಳಿ.